ಹಸಿರು ಬಣ್ಣ ಹಾಕುವ ಮೊದಲು ಕೇಳಬೇಕಿದ್ದದ್ದು

ನಾನು ಆಗ ರಾಮನಗರದ ಒಂದು ಖಾಸಗಿ ಡೇರಿಯ ಕಚೇರಿಯಲ್ಲಿ ಲೆಕ್ಕದ ಹಾಳೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಮಾಗಡಿಯಿಂದ ದಿನಾ ಬಸ್ಸು. ಹಳ್ಳಿಗಳಿಂದ ಬಂದ ಹಾಲನ್ನು ತಣ್ಣಗೆ ಇಡುವ ದೊಡ್ಡ ಸ್ಟೀಲ್ ಟ್ಯಾಂಕುಗಳಿರುವ ಶೀತಲ ಕೇಂದ್ರಗಳು ನಮಗೆ ನಾಲ್ಕು ಇದ್ದವು: ಸೋಲೂರು, ಚನ್ನಪಟ್ಟಣ, ಕನಕಪುರ, ಉಯ್ಯಂಬಳ್ಳಿ. ಎಷ್ಟು ಹಾಲು ಬಂತು, ಟ್ಯಾಂಕಿನಲ್ಲಿ ಎಷ್ಟಿದೆ, ಎಷ್ಟು ಡಿಗ್ರಿಯಲ್ಲಿದೆ ಎಂಬುದನ್ನು ಆಯಾ ಕೇಂದ್ರದ ಸೂಪರ್‌ವೈಸರ್ ಕಂಪ್ಯೂಟರಿಗೆ ತುಂಬುತ್ತಿದ್ದರು. ಅದು ನನ್ನ ಹತ್ತಿರ ಬಂದು ಬೀಳುತ್ತಿತ್ತು.

ಒಂದು ದಿನ ನಮ್ಮ ಮ್ಯಾನೇಜರು ಬೆಂಗಳೂರಿನ ಮುಖ್ಯ ಕಚೇರಿಯ ಮೀಟಿಂಗ್ ಮುಗಿಸಿಕೊಂಡು ಬಂದವರೇ ನನ್ನ ಟೇಬಲ್ಲಿನ ಹತ್ತಿರ ನಿಂತರು. ಹಾಲು ಸಂಗ್ರಹಣೆಯಲ್ಲೇ ತಲೆ ನರೆತವರು, ಕನಕಪುರದ ಕಡೆಯವರು. ಯಾವ ಹಳ್ಳಿಯ ಹಸು ಯಾವ ತಿಂಗಳು ಕರು ಹಾಕುತ್ತದೆ ಎಂಬುದು ಕೂಡ ಅವರಿಗೆ ಗೊತ್ತಿರುತ್ತಿತ್ತು.

"ಅಲ್ಲಿ ಗೋಡೆ ಮೇಲೆ ಟಿವಿ ಹಂಗೆ ಹಾಕವ್ರೆ ಕಣಮ್ಮ. ಡ್ಯಾಶ್‌ಬೋರ್ಡು. ನಮ್ಗೂ ಒಂದು ಮಾಡ್ಕೊಡು."

"ಏನೇನು ಇರಬೇಕು ಸಾರ್?"

"ಎಲ್ಲಾ ಇರ್ಲಿ."

ನಾನು ಕೇಳಿದ್ದು ಆ ಒಂದೇ ಪ್ರಶ್ನೆ. ಅವರು ಕೊಟ್ಟದ್ದು ಆ ಒಂದೇ ಉತ್ತರ. ಅಷ್ಟಕ್ಕೇ ನಾನು ಒಂದು ತಿಂಗಳು ಕೂತು ಕೆಲಸ ಮಾಡಿದೆ. ಮೂವತ್ತನಾಲ್ಕು ಚಾರ್ಟು. ನಾಲ್ಕು ತಾಲ್ಲೂಕುಗಳ ನಕ್ಷೆ, ಅದರ ಮೇಲೆ ಕೇಂದ್ರಕ್ಕೊಂದು ದುಂಡು ಬೊಟ್ಟು. ಎಲ್ಲ ಸರಿಯಿದ್ದರೆ ಹಸಿರು, ತೊಂದರೆ ಇದ್ದರೆ ಕೆಂಪು. ಬೊಟ್ಟಿನ ಬಣ್ಣ ಯಾವುದನ್ನು ನೋಡಿ ಬದಲಾಗಬೇಕು ಎಂದು ಯಾರೂ ಹೇಳಿರಲಿಲ್ಲ. ತಿಂಗಳ ಸರಾಸರಿ ಅಂದವಾಗಿ ಕಂಡಿತು, ಅದನ್ನೇ ಹಾಕಿದೆ. ರಾತ್ರಿಗೊಂದು ಸಲ ತಾನಾಗಿಯೇ ಹೊಸ ಅಂಕಿಗಳನ್ನು ಎಳೆದುಕೊಳ್ಳುವಂತೆಯೂ ಮಾಡಿದೆ.

ಸ್ಕ್ರೀನು ಗೋಡೆಗೆ ಬಂತು. ಮ್ಯಾನೇಜರು ಕೈಕಟ್ಟಿ ನಿಂತು ನೋಡಿ, "ಚೆನ್ನಾಗೈತೆ" ಎಂದರು. ಮಾರನೆಯ ದಿನದಿಂದ ಮತ್ತೆ ಎಂದಿನಂತೆ ಫೋನು ಕಿವಿಗೆ, ಉದ್ದನೆಯ ನೋಟ್‌ಬುಕ್ಕು ಮುಂದೆ. ಬೆಳಗ್ಗೆಯಿಂದ ಒಂದೊಂದೇ ಕೇಂದ್ರಕ್ಕೆ ಫೋನು ಮಾಡಿ ಬರೆದುಕೊಳ್ಳುವುದು. ಬೆನ್ನ ಹಿಂದೆಯೇ ನನ್ನ ನಕ್ಷೆ ಮಿನುಗುತ್ತಿತ್ತು.

ಎರಡು ವಾರ ಕಳೆದ ಮೇಲೆ ಅದನ್ನು ಯಾರು ಯಾರು ತೆರೆದಿದ್ದಾರೆಂದು ನೋಡಿದೆ. ನಾನೊಬ್ಬಳೇ. ಹೋಗಿ ಮ್ಯಾನೇಜರನ್ನು ಕೇಳಿದರೆ, "ಅಕ್ಷರ ಒಸಿ ದಪ್ಪ ಮಾಡಮ್ಮ" ಎಂದರು. ಮಾಡಿದೆ. ಆಮೇಲೆ ಕಂಬಗಳ ಬದಲು ದುಂಡಗಿನ ಚಿತ್ರ ಬೇಕೆಂದರು. ಮಾಡಿದೆ. ಆಮೇಲೆ ದುಂಡಗಿನದು ಅರ್ಥವಾಗುವುದಿಲ್ಲ, ಮೊದಲಿನದ್ದೇ ವಾಸಿ ಎಂದರು. ಅವತ್ತು ಊಟದ ಡಬ್ಬಿ ತೆರೆಯದೆ ಹಾಗೇ ಮಾಗಡಿಗೆ ಒಯ್ದೆ. ಯಾರ ಮೇಲೆ ಸಿಟ್ಟು ಬಂದಿದೆ ಎಂದು ನನಗೇ ಸ್ಪಷ್ಟವಿರಲಿಲ್ಲ.

ಉಯ್ಯಂಬಳ್ಳಿಯ ಪ್ರಸಂಗ ನಡೆದದ್ದು ಆ ದಿನಗಳಲ್ಲೇ. ಅಲ್ಲಿಯದು ನಮ್ಮ ಅತಿ ಚಿಕ್ಕ ಟ್ಯಾಂಕು, ದೂರವೂ ಹೆಚ್ಚು. ಹಾಲು ಹೊತ್ತೊಯ್ಯುವ ಲಾರಿ ಅಲ್ಲಿಗೆ ದಿನ ಬಿಟ್ಟು ದಿನ ಬೆಳಗ್ಗೆ ಹೋಗುತ್ತಿತ್ತು. ಹಾಲು ಜಾಸ್ತಿ ಬರುವ ಕಾಲದಲ್ಲಿ, ಲಾರಿ ಬಾರದ ದಿನ ಮಧ್ಯಾಹ್ನದ ಹೊತ್ತಿಗೇ ಟ್ಯಾಂಕು ತುಂಬುತ್ತಾ ಬಂದಿರುತ್ತದೆ. ಸಂಜೆಯ ಹಾಲಿಗೆ ಜಾಗ ಇರುವುದಿಲ್ಲ. ಅಂಥ ದಿನಕ್ಕೆಂದು ಕಚೇರಿಯಲ್ಲಿ ಒಂದು ಹೆಚ್ಚುವರಿ ಲಾರಿ ಇತ್ತು. ನಾಲ್ಕು ಕೇಂದ್ರಕ್ಕೂ ಸೇರಿ ಒಂದೇ. ಅದನ್ನು ಯಾವ ಕಡೆ ಕಳಿಸಬೇಕೆಂದು ಮ್ಯಾನೇಜರು ದಿನಾ ಮಧ್ಯಾಹ್ನ ಗೊತ್ತುಮಾಡುತ್ತಿದ್ದರು. ಇಷ್ಟು ದೊಡ್ಡ ತೀರ್ಮಾನ ನನ್ನ ಟೇಬಲ್ಲಿನಿಂದ ಹತ್ತು ಹೆಜ್ಜೆ ಆಚೆ ದಿನವೂ ನಡೆಯುತ್ತಿತ್ತು, ನನಗೆ ಅದರ ಸುಳಿವೇ ಇರಲಿಲ್ಲ.

ಅವತ್ತು ಉಯ್ಯಂಬಳ್ಳಿಯ ಸೂಪರ್‌ವೈಸರ ಫೋನು ನೀರಿನ ತೊಟ್ಟಿಗೆ ಬಿದ್ದು ಕೆಟ್ಟಿತ್ತು. ಮ್ಯಾನೇಜರು ಹಲವು ಸಲ ಪ್ರಯತ್ನಿಸಿದರಂತೆ. ಸಿಗಲಿಲ್ಲ. ಕೊನೆಗೆ ಕುರ್ಚಿ ತಿರುಗಿಸಿ ಗೋಡೆ ನೋಡಿದರು. ಅಷ್ಟು ದಿನಗಳಲ್ಲಿ ಅವರು ನನ್ನ ಸ್ಕ್ರೀನನ್ನು ನಂಬಿ ನೋಡಿದ್ದು ಆ ಒಂದು ಸಲ. ಉಯ್ಯಂಬಳ್ಳಿಯ ಬೊಟ್ಟು ಹಸಿರಾಗಿತ್ತು. ಲಾರಿಯನ್ನು ಚನ್ನಪಟ್ಟಣಕ್ಕೆ ಕಳಿಸಿದರು.

ಸಂಜೆ ಉಯ್ಯಂಬಳ್ಳಿಯಲ್ಲಿ ಟ್ಯಾಂಕು ತುಂಬಿ, ಮಿಕ್ಕ ಹಾಲು ಕ್ಯಾನುಗಳಲ್ಲೇ ನಿಂತಿತು. ಬೆಳಗ್ಗೆ ಲಾರಿ ಬಂದಾಗ ಪರೀಕ್ಷೆಯಲ್ಲಿ ಹುಳಿ ಕಂಡಿತು. ಲಾರಿಯವರು ಆ ಕ್ಯಾನುಗಳನ್ನು ಮುಟ್ಟಲಿಲ್ಲ.

ಮ್ಯಾನೇಜರು ಸೂಪರ್‌ವೈಸರನ್ನು ಲಾರಿಯವರ ಮೂಲಕ ಹೇಳಿ ರಾಮನಗರಕ್ಕೆ ಕರೆಸಿದರು. ಐವತ್ತು ದಾಟಿದ ಮನುಷ್ಯ, ಒಗೆದು ಇಸ್ತ್ರಿ ಮಾಡಿದ ಅಂಗಿ. ಕ್ಯಾನು ಚೆಲ್ಲಿ ತೊಳೆದು ನೇರ ಬಸ್ಸು ಹತ್ತಿದ್ದರೋ ಏನೋ, ಕೈಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

"ಯಾಕ್ರೀ ತಿಳಿಸ್ನಿಲ್ಲ?" ಎಂದು ಮ್ಯಾನೇಜರು ಕೇಳಿದರು.

"ಹತ್ತು ಗಂಟೆಗೇ ಕಂಪ್ಯೂಟರಿಗೆ ಹೊಡ್ದಿವ್ನಿ ಸಾರ್. ಮುಕ್ಕಾಲಿಗಿಂತ ಮೇಲೈತೆ ಅಂತ ಹೊಡ್ದಿವ್ನಿ. ಫೋನು ಕೆಟ್ಟೋಯ್ತು, ಹೆಂಗೂ ಆಫೀಸ್ನಾಗೆ ಕಾಣ್ತದೆ ಅಂದ್ಕಂಡೆ."

ಮ್ಯಾನೇಜರು ನನ್ನ ಕಡೆ ತಿರುಗಿದರು. "ಹಸ್ರು ತೋರುಸ್ತಿತ್ತಲ್ಲಮ್ಮ."

ತೆರೆದು ನೋಡಿದೆ. ಸೂಪರ್‌ವೈಸರು ತುಂಬಿಸಿದ್ದು ಬೆಳಗ್ಗೆ ಹತ್ತಕ್ಕೆ ನಿಜವಾಗಿಯೂ ಬಂದಿತ್ತು. ನನ್ನ ಸ್ಕ್ರೀನು ಅದನ್ನು ಮುಟ್ಟುವುದು ರಾತ್ರಿಯೇ. ಮುಟ್ಟಿದರೂ ಬೊಟ್ಟು ನೋಡುವುದು ತಿಂಗಳ ಸರಾಸರಿಯನ್ನು. ಒಂದು ದಿನ ಟ್ಯಾಂಕು ಉಕ್ಕಿದರೂ ಸರಾಸರಿ ಕದಲುವುದಿಲ್ಲ. ಅಂಕಿ ಒಂದೂ ಸುಳ್ಳಲ್ಲ, ಆದರೂ ಆ ಸ್ಕ್ರೀನು ಸುಳ್ಳು ಹೇಳಿತ್ತು.

"ಅವರದು ತಪ್ಪಿಲ್ಲ ಸಾರ್, ನಂದು," ಎಂದೆ. ಸೂಪರ್‌ವೈಸರು ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಕೈಗಳನ್ನು ಜೇಬಿಗೆ ಹಾಕಿಕೊಂಡರು. ಮ್ಯಾನೇಜರು ನೋಟ್‌ಬುಕ್ಕು ಎಳೆದುಕೊಂಡು ಇನ್ನೊಂದು ಕೇಂದ್ರಕ್ಕೆ ಫೋನು ಹಚ್ಚಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರನೆಯ ದಿನ ನಾನು ಮೊದಲ ಬಸ್ಸಿಗೆ ಬಂದು, ಮ್ಯಾನೇಜರ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡು ಕೂತೆ.

"ಏನಮ್ಮ?"

"ನೀವು ಫೋನಿನಲ್ಲಿ ಏನೇನು ಕೇಳ್ತೀರ ಅಂತ ಬರ್ಕೋತೀನಿ ಸಾರ್."

"ಎಲ್ಲಾ ಇರ್ಲಿ" ಎಂದಿದ್ದ ಮನುಷ್ಯ ಪ್ರತಿ ಕೇಂದ್ರಕ್ಕೂ ಕೇಳಿದ್ದು ಮೂರೇ ಮೂರು. ಟ್ಯಾಂಕು ಎಷ್ಟು ತುಂಬೈತೆ, ಡಿಗ್ರಿ ಎಷ್ಟೈತೆ, ಕರೆಂಟ್ ಐತಾ. ನಾಲ್ಕು ಫೋನು ಮುಗಿಯುವ ಹೊತ್ತಿಗೆ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದು ಅವರ ಮೇಲೆ, ಕೇಳಬಹುದಿತ್ತಲ್ಲ ಎಂದು ನನ್ನ ಮೇಲೆ ಸಿಟ್ಟು.

"ಸಾರ್, ಈ ಸ್ಕ್ರೀನು ನೋಡಿ ನೀವು ಏನು ತೀರ್ಮಾನ ಮಾಡ್ತೀರ?"

"ತೀರ್ಮಾನ ಏನು, ಎಲ್ಲಾ ಗೊತ್ತಿರ್ಬೇಕಲ್ಲ."

"ಗೊತ್ತಾದ ಮೇಲೆ ಏನು ಮಾಡ್ತೀರ?"

"ಇದೇನಮ್ಮ, ಪೊಲೀಸ್ ಸ್ಟೇಷನ್ನಾ? ಎಲ್ಲಾ ನೋಡ್ಬೇಕು ಅಂದ್ನಲ್ಲ."

ಆ ದಾರಿ ಅಲ್ಲಿಗೆ ಮುಚ್ಚಿತು. ಎದ್ದು ಹೋಗೋಣ ಅನ್ನಿಸಿತು. ಆದರೆ ಹಿಂದಿನ ದಿನ ಕಂಡ ಆ ಕೈಗಳು ಮನಸ್ಸಿನಿಂದ ಹೋಗಿರಲಿಲ್ಲ. ಬೇರೆ ಥರ ಕೇಳಿದೆ.

"ಹೋದ ಸೋಮವಾರ ಹೆಚ್ಚುವರಿ ಲಾರಿ ಎಲ್ಲಿಗೆ ಕಳಿಸಿದ್ರಿ ಸಾರ್?"

ನೋಟ್‌ಬುಕ್ಕು ತಿರುವಿದರು. "ಸೋಲೂರಿಗೆ."

"ಯಾಕೆ?"

ಅವರ ಮುಖವೇ ಬೇರೆಯಾಯಿತು. ಆಗಿಹೋದ ಒಂದು ದಿನವನ್ನು ಕೇಳಿದರೆ ಅವರಿಗೆ ಮಾತು ಹರಿಯುತ್ತದೆ. "ಸೋಲೂರ್ನಾಗೆ ಬೆಳಗ್ಗೆ ಕರೆಂಟ್ ಹೋಗಿತ್ತು. ಡಿಗ್ರಿ ಏರ್ತಾ ಇತ್ತು. ಕನಕಪುರ ತುಂಬಿತ್ತು, ಆದ್ರೆ ಅಲ್ಲಿ ಜನರೇಟರ್ ಚೆನ್ನಾಗೈತೆ, ತಣ್ಣಗಿರ್ತದೆ. ಅದ್ಕೆ ಸೋಲೂರಿಗೆ ಕಳ್ಸಿದೆ."

"ಎಷ್ಟು ತುಂಬಿದ್ರೆ ಲಾರಿ ಕಳಿಸ್ಲೇಬೇಕು ಅನ್ಸುತ್ತೆ?"

"ಮುಕ್ಕಾಲು. ಸಂಜೆ ಹಾಲು ಬರೋದೈತಲ್ಲ."

"ಎಷ್ಟು ಗಂಟೆಯೊಳಗೆ ಗೊತ್ತಾಗ್ಬೇಕು?"

ಅವರು ಬೆರಳು ಮಡಿಸಿ ಎಣಿಸಿದರು. ಸಂಜೆಯ ಹಾಲು ಶುರುವಾಗುವುದು ಐದಕ್ಕೆ. ಉಯ್ಯಂಬಳ್ಳಿಗೆ ಲಾರಿಗೆ ಎರಡು ತಾಸು. ಅಲ್ಲಿ ತುಂಬಿಕೊಳ್ಳಲು ಹೊತ್ತು ಬೇಕು. "ಒಂದು ಗಂಟೆಗೆ ಗೊತ್ತಾದ್ರೆ ಸಾಕು. ಎರಡಾದ್ರೆ ಆಗಾಕಿಲ್ಲ."

"ನೀವು ರಜಾ ಹಾಕಿದ ದಿನ ಇದನ್ನ ಯಾರು ಮಾಡ್ತಾರೆ?"

"ಸಹಾಯಕರು ಮಾಡ್ತಾರೆ." ನೋಟ್‌ಬುಕ್ಕು ಮುಚ್ಚಿದರು. "ಮಾಡಾಕಿಲ್ಲ. ನಂಗೇ ಫೋನ್ ಹೊಡಿತಾರೆ."

"ಯಾವುದೋ ಕೇಂದ್ರದಿಂದ ಅಂಕಿಯೇ ಬರಲಿಲ್ಲ ಅಂದ್ರೆ?"

ಅವರು ಗೋಡೆ ಕಡೆ ನೋಡಿದರು. "ಬರ್ನಿಲ್ಲ ಅಂದ್ರೆ ಕೆಟ್ಟೈತೆ ಅಂತ್ಲೇ ತಿಳ್ಕಬೇಕು ಕಣಮ್ಮ. ಚೆನ್ನಾಗೈತೆ ಅಂತ ತಿಳ್ಕಂಡು ಕೆಟ್ವಲ್ಲ."

ಆಮೇಲೆ ಮೂವತ್ತನಾಲ್ಕು ಚಾರ್ಟುಗಳನ್ನು ಒಂದೊಂದಾಗಿ ತೆರೆದು, "ಇದು ನಾಳೆಯಿಂದ ಇಲ್ಲದಿದ್ರೆ ನಿಮಗೆ ಯಾವ ಕೆಲಸ ನಿಲ್ಲುತ್ತೆ?" ಎಂದು ಕೇಳುತ್ತಾ ಹೋದೆ. ಹತ್ತನೆಯದಕ್ಕೆ ಬರುವಾಗ ಅವರಿಗೂ ಸಾಕಾಗಿತ್ತು, ನನಗೂ ಸಾಕಾಗಿತ್ತು. "ತೆಗಿ. ತೆಗಿ. ಅದ್ನೂ ತೆಗಿ" ಎನ್ನುತ್ತಿದ್ದರು. ಒಂದೊಂದು ಚಾರ್ಟಿಗೂ ನಾನು ಎಷ್ಟು ಹೊತ್ತು ಕೂತಿದ್ದೆ ಎಂಬುದು ನನಗೆ ನೆನಪಿತ್ತು. ಹಾಲಿನ ಕೊಬ್ಬಿನ ಅಂಶದ ಚಾರ್ಟನ್ನು ಮಾತ್ರ ಅವರು ಬಿಡಲೊಪ್ಪಲಿಲ್ಲ.

"ಅದರಿಂದ ಏನು ತೀರ್ಮಾನ ಮಾಡ್ತೀರ ಸಾರ್?"

"ಏನೂ ಇಲ್ಲ. ಬೆಂಗಳೂರಿನೋರು ಕೇಳ್ತಾರೆ."

ಅದೂ ನ್ಯಾಯವೇ. ಅದನ್ನು ಬೇರೆ ಪುಟಕ್ಕೆ ಹಾಕಿದೆ, ಕೇಳಿದಾಗ ತೆರೆದು ತೋರಿಸಲಿಕ್ಕೆ.

ಹೊಸದು ಮಾಡಲು ಎರಡು ದಿನ ಸಾಕಾಯಿತು. ನಾಲ್ಕು ಕೇಂದ್ರ, ನಾಲ್ಕು ಸಾಲು. ತುಂಬಿದ ಪಾಲು, ಡಿಗ್ರಿ, ಕರೆಂಟು, ಕೊನೆಯ ಸಲ ಅಂಕಿ ಬಂದ ಹೊತ್ತು. ಸೂಪರ್‌ವೈಸರು ತುಂಬಿಸಿದ ಕೆಲವೇ ನಿಮಿಷಗಳಲ್ಲಿ ಇಲ್ಲಿ ಕಾಣುತ್ತದೆ. ಮುಕ್ಕಾಲು ದಾಟಿದರೆ ಅಥವಾ ಡಿಗ್ರಿ ಏರುತ್ತಿದ್ದರೆ ಆ ಸಾಲು ಕೆಂಪು. ಹನ್ನೆರಡೂವರೆಯವರೆಗೂ ಅಂಕಿ ಬಾರದಿದ್ದರೆ ಅದೂ ಕೆಂಪೇ. ನಕ್ಷೆ ಹೋಯಿತು, ಬೊಟ್ಟುಗಳೂ ಹೋದವು. ನೋಡಲು ಚೆಂದವೇನಿಲ್ಲ.

ಮ್ಯಾನೇಜರು ನೋಟ್‌ಬುಕ್ಕು ಬಿಡಲಿಲ್ಲ. ಫೋನೂ ಮಾಡುತ್ತಾರೆ, ಕೆಂಪು ಬಂದ ಕೇಂದ್ರಕ್ಕೆ ಮಾತ್ರ. ಒಂದು ಸಲ ಮಗಳ ಮನೆಗೆಂದು ಮೂರು ದಿನ ರಜಾ ಹಾಕಿದ್ದರು. ಎರಡನೆಯ ದಿನ ಸಹಾಯಕರು ಸ್ಕ್ರೀನು ನೋಡಿ, ಯಾರನ್ನೂ ಕೇಳದೆ, ಹನ್ನೆರಡೂ ಮುಕ್ಕಾಲಿಗೆ ಲಾರಿಯನ್ನು ಉಯ್ಯಂಬಳ್ಳಿಗೆ ಹೊರಡಿಸಿದರು. ಸಂಜೆ ಅಲ್ಲಿಯ ಸೂಪರ್‌ವೈಸರು ನನಗೇ ಫೋನು ಮಾಡಿದರು. "ಲಾರಿ ಬಂತು ಮೇಡಂ" ಎಂದಷ್ಟೇ ಹೇಳಿ ಇಟ್ಟರು.

ಇಷ್ಟಾದ ಮೇಲೆ ನನ್ನ ರೇಗಾಟ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿಲ್ಲ. ಮೊನ್ನೆ ಪಶು ಆಹಾರ ವಿಭಾಗದ ಮುಖ್ಯಸ್ಥರು ಬಂದು, ತಮಗೂ ಒಂದು ಡ್ಯಾಶ್‌ಬೋರ್ಡು ಬೇಕು, ಶುಕ್ರವಾರದೊಳಗೆ ಬೇಕು ಎಂದರು.

"ಹೋದ ವಾರ ನೀವು ಯಾವ ಊರಿಗೆ ಆಹಾರ ಮೊದಲು ಕಳಿಸಿದ್ರಿ, ಯಾಕೆ ಕಳಿಸಿದ್ರಿ ಅಂತ ಒಸಿ ಹೇಳಿ ಸಾರ್," ಎಂದೆ.

"ಅದೆಲ್ಲಾ ಯಾಕೆ ಮೇಡಂ? ಎಲ್ಲಾ ಇರೋ ಹಂಗೆ ಒಂದು ಮಾಡ್ಬುಡಿ."

ನಾನು ಇನ್ನೊಂದು ಕುರ್ಚಿ ಎಳೆದು, ಅವರಿಗೆ ಕೂರಲು ಹೇಳಿದೆ. ಅವರು ಗಡಿಯಾರ ನೋಡಿಕೊಂಡು ಆಮೇಲೆ ಬರುತ್ತೇನೆಂದು ಹೋದರು. ಶುಕ್ರವಾರ ಕಳೆಯಿತು. ಇನ್ನೂ ಬಂದಿಲ್ಲ. ನಾನೂ ಅವರ ಡ್ಯಾಶ್‌ಬೋರ್ಡಿಗೆಂದು ಒಂದು ಗೆರೆ ಎಳೆದಿಲ್ಲ.