ಕಾಲ್ಬೆರಳ ಮೇಡಂ

ಭಾವ ತೊಡೆಯ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಾರೆಂದು ತಿಳಿದು ನೋಡಲು ಹೋದ ದಿನವೇ ಮೇಷ್ಟ್ರು ಅಲ್ಲಿ ನರ್ಸಿಂಗ್ ಕಲಿಸುವ ಮೇಡಂ ಒಬ್ಬರಿಂದ ಬೈಸಿಕೊಂಡರು. ಮೇಷ್ಟ್ರು ಮಾಡಿದ ತಪ್ಪು ಇಷ್ಟೇ: ಕನಿಕರಪಟ್ಟದ್ದು.

ಭಾವನ ಕಾಲಿಗೆ ಪಟ್ಟಿ ಸುತ್ತಿ, ಅದಕ್ಕೆ ಕಟ್ಟಿದ ಹಗ್ಗವನ್ನು ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ, ಕೆಳಗೆ ಒಂದು ತೂಕದ ಚೀಲ ನೇತುಹಾಕಿದ್ದರು. ಮುರಿದ ಕಾಲನ್ನು ಇನ್ನೂ ಜಗ್ಗುವುದೇ ಎನ್ನಿಸಿತು ಮೇಷ್ಟ್ರಿಗೆ. ಕುಳಿತಿದ್ದ ಸ್ಟೂಲನ್ನು ಮೆಲ್ಲಗೆ ಜರುಗಿಸಿ ಚೀಲವನ್ನು ಅದರ ಮೇಲೆ ಕೂರಿಸಿದರು. ಹಗ್ಗ ಸಡಿಲವಾಯಿತು. ಭಾವ ಹಲ್ಲು ಕಚ್ಚಿ "ಅಯ್ಯೋ" ಎಂದರು.

"ಯಾರ್ರೀ ಅದು, ನನ್ನ ತೂಕಕ್ಕೆ ಕುರ್ಚಿ ಹಾಕಿದ್ದು?"

ಬಿಳಿ ಕೋಟು ತೊಟ್ಟ ಗಿಡ್ಡ ಹೆಂಗಸೊಬ್ಬರು ದಾಪುಗಾಲಿನಲ್ಲಿ ಬಂದರು. ಹಿಂದೆ ನರ್ಸಿಂಗ್ ಓದುವ ಹುಡುಗಿಯರ ಹಿಂಡು. ಆಕೆ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಸ್ಟೂಲು ತೆಗೆಸಿ, ಕಾಲಿಗೆ ಎಳೆತ ಬೀಳದ ಹಾಗೆ ನಿಧಾನವಾಗಿ ಕೆಳಗಿಳಿಸಿದರು.

"ಪಾಪ ಅನ್ನಿಸಿತು, ಅದಕ್ಕೆ..." ಎಂದು ಮೇಷ್ಟ್ರು ತೊದಲಿದರು.

"ಪಾಪ ಅನ್ನಿಸಿದ್ರೆ ಹಣ್ಣು ತಂದುಕೊಡಿ ಸರ್. ತೊಡೆಯ ಸ್ನಾಯು ಗಟ್ಟಿ ಪಿಂಡ. ಮೂಳೆ ಮುರಿದ ಕೂಡಲೇ ಬಿಗಿದುಕೊಂಡು ತುಂಡುಗಳನ್ನ ಒಂದರ ಮೇಲೊಂದು ಹತ್ತಿಸುತ್ತೆ. ಈ ಚೀಲ ಅದನ್ನ ತಡೀತಾ ಇದೆ. ತೂಕ ಗಾಳಿಯಲ್ಲೇ ತೂಗಬೇಕು, ನೆಲ ಮುಟ್ಟಬಾರದು, ಸ್ಟೂಲೂ ಮುಟ್ಟಬಾರದು."

"ಜೀವಮಾನವೆಲ್ಲ ಮಕ್ಕಳ ಕಿವಿ ಹಿಂಡಿದವರು ಇವರು," ಎಂದು ಭಾವ ಮಲಗಿದಲ್ಲಿಂದಲೇ ಚಾಡಿ ಹೇಳಿದರು. "ನಿಮ್ಮ ಕೈಗೆ ಸಿಕ್ಕಿದ್ದು ಒಳ್ಳೇದಾಯ್ತು."

ಮೇಷ್ಟ್ರಿಗೆ ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಯಿತು. ಮಂಚದ ಕಾಲ್ದೆಸೆಯನ್ನು ಎತ್ತರಿಸಿರುವುದೇಕೆ? ರೋಗಿಯ ಮೈಭಾರವೇ ತಲೆಯ ಕಡೆಗೆ ಜಗ್ಗಲಿ, ಇಲ್ಲದಿದ್ದರೆ ತೂಕ ರೋಗಿಯನ್ನೇ ಕೆಳಕ್ಕೆ ಎಳೆದುಕೊಂಡೀತು ಎಂದರು ಆಕೆ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಇಟ್ಟಿರುವುದೇಕೆ? ಒಂದೇ ಕಡೆ ಒತ್ತಿ ಹುಣ್ಣಾಗದಿರಲೆಂದು. ಮೊಣಕಾಲಿನ ಹೊರಬದಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದೇಕೆ? ಅಲ್ಲಿ ಚರ್ಮದ ಅಡಿಯಲ್ಲೇ ಒಂದು ನರ ಹಾದುಹೋಗುತ್ತದೆ. ಪಟ್ಟಿ ಅದನ್ನು ಒತ್ತಿದರೆ ಪಾದ ಮೇಲೇಳದೆ ಜೋತುಬೀಳುತ್ತದೆ. ಒಂದು ಪ್ರಶ್ನೆಗೂ ಆಕೆ ಬೇಸರಿಸಲಿಲ್ಲ. ಕೊನೆಗೆ ಆಕೆಯೇ ಒಂದು ಪ್ರಶ್ನೆ ಹಾಕಿದರು.

"ಕನ್ನಡ ಮೇಷ್ಟ್ರಂತೆ? ಹುಡುಗಿಯರಿಗೋಸ್ಕರ ಟಿಪ್ಪಣಿ ಬರೀತಾ ಇದ್ದೀನಿ. ತಿದ್ದಿಕೊಡ್ತೀರಾ?"

ಹೀಗೆ ಮೇಷ್ಟ್ರು ವಾರ್ಡಿನ ಕಾಯಂ ಗಿರಾಕಿಯಾದರು. ಭಾವ ಆಪರೇಷನ್ ಮುಗಿಸಿ ಮನೆಗೆ ಹೋದ ಮೇಲೂ ಕನ್ನಡಕ, ಕೆಂಪು ಪೆನ್ನು ಹಿಡಿದು ಬರುವುದು ನಿಲ್ಲಲಿಲ್ಲ. ಹುಡುಗಿಯರು ತಮ್ಮ ಗುರುಗಳಿಗೆ ಬೆನ್ನ ಹಿಂದೆ ಇಟ್ಟಿದ್ದ ಹೆಸರು 'ಕಾಲ್ಬೆರಳ ಮೇಡಂ'. ಯಾವ ರೋಗಿಯ ಬಳಿ ನಿಂತರೂ ಆಕೆ ಮುಖಕ್ಕಿಂತ ಮೊದಲು ನೋಡುತ್ತಿದ್ದುದು ಕಾಲ್ಬೆರಳನ್ನೇ. ಉಗುರನ್ನು ಒತ್ತಿ ಬಿಟ್ಟರೆ ಬಿಳುಪು ಹೋಗಿ ಕೆಂಪು ಥಟ್ಟನೆ ಮರಳಬೇಕು. ಬೆರಳು ಬೆಚ್ಚಗಿರಬೇಕು, ಆಡಬೇಕು. ಹೆಬ್ಬೆರಳಿನ ಪಕ್ಕದ ಸಂದಿಯಲ್ಲಿ ಮುಟ್ಟಿದ್ದು ತಿಳಿಯಬೇಕು. ಎಲ್ಲವನ್ನೂ ಇನ್ನೊಂದು ಕಾಲಿನ ಜೊತೆ ಹೋಲಿಸಬೇಕು. ಹಸಿ ಪ್ಲಾಸ್ಟರನ್ನು ಬೆರಳತುದಿಯಿಂದ ಹಿಡಿದರೆ ಆಕೆಗೆ ಕೆಂಡದಂಥ ಕೋಪ. "ಅಂಗೈ! ಅಂಗೈಯಲ್ಲಿ ಹಿಡೀರಮ್ಮ! ನಿಮ್ಮ ಬೆರಳಿನ ಗುಳಿ ಒಳಗೆ ಚರ್ಮ ಕೊರೆಯುತ್ತೆ."

ಪಾಠ ಹೇಳುವಾಗ ಹುಡುಗಿಯರ ಕಡೆ ಮುಖಮಾಡಿ ಹಿಂದೆ ಹಿಂದೆ ನಡೆಯುವುದು ಆಕೆಯ ಅಭ್ಯಾಸ. ಒಂದು ಬೆಳಿಗ್ಗೆ ಆಗಷ್ಟೇ ಒರೆಸಿದ ಮೆಟ್ಟಿಲ ಮೇಲೆ ಆ ಅಭ್ಯಾಸ ಕೈಕೊಟ್ಟಿತು. ಮೊಣಕಾಲ ಕೆಳಗಿನ ಮೂಳೆ ಮುರಿಯಿತು. ಡಾಕ್ಟರು ಮೂಳೆಯನ್ನು ಅಚ್ಚುಕಟ್ಟಾಗಿ ಕೂಡಿಸಿ ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. "ಹೀಗೇ ನಿಂತರೆ ಆಪರೇಷನ್ ಬೇಡ. ಜರುಗಿದರೆ ಮಾತ್ರ ಒಳಗೆ ಸಲಾಕೆ ಹಾಕಬೇಕಾಗುತ್ತೆ," ಎಂದರು.

ಸಂಜೆ ಮೇಷ್ಟ್ರು ತಿದ್ದಿದ ಹಾಳೆಗಳೊಡನೆ ಬಂದಾಗ ಮೇಡಂ ಮಂಚದ ಮೇಲೆ ಅರಸಿಯಂತೆ ಒರಗಿದ್ದರು. ಪ್ಲಾಸ್ಟರ್ ಕಾಲು ದಿಂಬುಗಳ ಮೇಲೆ ಎತ್ತರದಲ್ಲಿತ್ತು.

"ಮುಂದಿನ ವಾರ ನನ್ನ ಹುಡುಗಿಯರ ಪ್ರಾಯೋಗಿಕ ಪರೀಕ್ಷೆ ಸರ್. ವೀಲ್‌ಚೇರಿನಲ್ಲಿ ಕೂತಾದರೂ ನಾನಿರಬೇಕು. ಸಲಾಕೆ ಗಿಲಾಕೆ ಅಂದ್ರೆ ಎಲ್ಲ ಹಾಳು."

ಅಷ್ಟರಲ್ಲಿ ತಪಾಸಣೆಗೆ ಒಬ್ಬ ವಿದ್ಯಾರ್ಥಿನಿ ಬಂದಳು. ಅವಳ ದನಿ ಎಷ್ಟು ಸಣ್ಣದೆಂದರೆ ಗೆಳತಿಯರು ಅವಳನ್ನು 'ಪಿಸುಮಾತು' ಎಂದೇ ಕರೆಯುತ್ತಿದ್ದರು.

"ಮೇಡಂ, ಬೆರಳು..."

"ಬಣ್ಣ ಸರಿ. ಬೆಚ್ಚಗಿದೆ. ಉಗುರಲ್ಲಿ ರಕ್ತ ತಕ್ಷಣ ಮರಳುತ್ತೆ. ಆಡುತ್ತೆ, ನೋಡು. ಸ್ಪರ್ಶ ಇದೆ. ಬರ್ಕೊಂಡು ಹೋಗು."

ಮೇಷ್ಟ್ರಿಗೆ ನಗು ಬಂತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಒಪ್ಪಿಸುವ ಮಕ್ಕಳನ್ನು ಅವರು ಬೇಕಾದಷ್ಟು ಕಂಡಿದ್ದರು. ಆದರೆ ಮೇಡಂ ಹಣೆಯಲ್ಲಿ ಬೆವರಿತ್ತು. ಆಗಿನಿಂದ ಆಕೆ ಹಾಳೆಯ ಒಂದೇ ಸಾಲನ್ನು ನೋಡುತ್ತಿದ್ದರು.

ಪಿಸುಮಾತು ಬರೆಯಲಿಲ್ಲ. "ನೋವು ಮೇಡಂ?"

"ಮೂಳೆ ಮುರಿದ್ರೆ ನೋವಿರದೆ ನಗು ಬರುತ್ತಾ?"

"ಇಂಜೆಕ್ಷನ್ ಕೊಟ್ಟ ಮೇಲೂ ಕಮ್ಮಿ ಆಗಲಿಲ್ವಾ?"

"ಆಗುತ್ತೆ ಬಿಡು."

ಹುಡುಗಿ ಹೆಬ್ಬೆರಳಿನ ಪಕ್ಕದ ಸಂದಿಯನ್ನು ಹತ್ತಿಯಿಂದ ಸವರಿದಳು. ಆಮೇಲೆ ಇನ್ನೊಂದು ಕಾಲಿನಲ್ಲಿ. "ಎರಡೂ ಒಂದೇ ಥರ ಇದೆಯಾ?"

ಮೇಡಂ ಇನ್ನೊಂದು ಕಾಲಿನ ಕಡೆ ನೋಡಿದರು. "...ಇದು ಸ್ವಲ್ಪ ಜೋಮು ಹಿಡಿದ ಹಾಗಿದೆ. ಅಷ್ಟೇ."

ಹುಡುಗಿ ಪ್ಲಾಸ್ಟರ್ ಕಾಲಿನ ಹೆಬ್ಬೆರಳನ್ನು ಹಿಡಿದು ಮೆಲ್ಲಗೆ ಕೆಳಕ್ಕೆ ಬಾಗಿಸಿದಳು.

"ಏನಿಲ್ಲ," ಎಂದಿತು ಮೇಡಂ ಬಾಯಿ. ಮಂಚದ ಕಂಬಿಯನ್ನು ಹಿಡಿದಿದ್ದ ಅವರ ಕೈ ಮಾತ್ರ ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಿತು. ಅದನ್ನು ಮೇಷ್ಟ್ರೂ ಕಂಡರು, ಹುಡುಗಿಯೂ ಕಂಡಳು.

"ಡಾಕ್ಟರನ್ನ ಕರೀತೀನಿ ಮೇಡಂ. ಒಳಗೆ ಕಾಲು ಊದಿ ಬಿಗೀತಾ ಇದೆ ಅನ್ಸುತ್ತೆ, ಪ್ಲಾಸ್ಟರ್ ಸೀಳಬೇಕಾಗಬಹುದು."

"ಹುಚ್ಚಾ ನಿನಗೆ? ಸೀಳಿದರೆ ಮೂಳೆ ಜರುಗುತ್ತೆ! ಪಾದದ ನಾಡಿ ನೋಡು, ಸರಿಯಾಗೇ ಇದೆ. ಯಾರು ಹೇಳಿಕೊಟ್ಟರು ನಿನಗೆ ಇದನ್ನೆಲ್ಲ?"

"ನೀವೇ," ಎಂದಳು ಪಿಸುಮಾತು. ಅಲ್ಲಿಂದ ಕದಲಲಿಲ್ಲ. "ನಾಡಿ ಇದೆ ಅಂತ ನಂಬಿ ಕೂರಬೇಡಿ, ಅದು ಹೋಗೋ ಹೊತ್ತಿಗೆ ಸ್ನಾಯು ಸತ್ತಿರುತ್ತೆ ಅಂದಿದ್ರಿ. ನೀವು ಉತ್ತರ ಹೇಳ್ತಾ ಇದ್ದೀರಿ ಮೇಡಂ. ನಾನು ಕಾಲನ್ನ ಕೇಳ್ತಾ ಇದ್ದೀನಿ."

ಕಾಲ ಕೆಳಗಿನ ದಿಂಬುಗಳನ್ನು ತೆಗೆದು ಅದನ್ನು ಎದೆಯ ಮಟ್ಟಕ್ಕೆ ಇಳಿಸಿ, ಅವಳು ಹೆಚ್ಚುಕಡಿಮೆ ಓಡಿದಳು. ಮೇಷ್ಟ್ರು ಹಾಳೆಗಳನ್ನು ಜೋಡಿಸುತ್ತ ಕುಳಿತರು.

"ಕಾಲು ಇಳಿಸಿ ಹೋದಳು, ನೋಡಿದ್ರಾ?" ಎಂದರು ಮೇಡಂ. "ಒಳಗೆ ಒತ್ತಡ ಏರಿದಾಗ ಎತ್ತರದಲ್ಲಿದ್ದರೆ ರಕ್ತ ಸರಿಯಾಗಿ ತಲುಪಲ್ಲ. ಅದನ್ನೂ ಮರೆತಿಲ್ಲ, ಪೋರಿ." ಆಮೇಲೆ ಕಣ್ಣು ಮುಚ್ಚಿ, "ತುಂಬ ನೋಯ್ತಾ ಇದೆ ಸರ್," ಎಂದರು.

ಡಾಕ್ಟರು ಬಂದು ಪ್ಲಾಸ್ಟರನ್ನೂ ಒಳಗಿನ ಹತ್ತಿಯನ್ನೂ ಚರ್ಮ ಕಾಣುವವರೆಗೆ ಉದ್ದಕ್ಕೆ ಸೀಳಿದರು. ಬೆರಳನ್ನು ಮತ್ತೆ ಮತ್ತೆ ಬಾಗಿಸಿ ನೋಡುತ್ತ, ನೋವು ಇಳಿಯದಿದ್ದರೆ ಕಾಲಿನ ಚರ್ಮವನ್ನೂ ಸ್ನಾಯುವಿನ ಪೊರೆಯನ್ನೂ ಕುಯ್ದು ಒತ್ತಡ ಬಿಡಿಸಬೇಕೆಂದು ಆಪರೇಷನ್ ಕೋಣೆಯನ್ನು ಸಜ್ಜಾಗಿ ಇರಿಸಿದರು. ಅದರ ಅಗತ್ಯ ಬೀಳಲಿಲ್ಲ. ನೋವು ಇಳಿಯಿತು, ಜೋಮು ಬಿಟ್ಟಿತು. ಮೂಳೆ ಮಾತ್ರ ಆಕೆ ಹೆದರಿದ್ದ ಹಾಗೆಯೇ ಜರುಗಿತು. ಬಾವು ಇಳಿದ ಮೇಲೆ ಸಲಾಕೆ ಹಾಕಿದರು. ಪರೀಕ್ಷೆ ಮೇಡಂ ಇಲ್ಲದೆಯೇ ನಡೆಯಿತು, ಹುಡುಗಿಯರು ಅವರಿಲ್ಲದೆಯೇ ಪಾಸಾದರು. ಆ ಬೇಸರ ಅವರಿಗೆ ಬಹಳ ದಿನ ಇತ್ತು.

ಪಿಸುಮಾತು ಈಗ ಅದೇ ವಾರ್ಡಿನಲ್ಲಿ ಸಿಸ್ಟರ್. ದನಿ ಇನ್ನೂ ಸಣ್ಣದೇ.

ಮೇಡಂ ಈಗ ಪಾಠ ಹೇಳುವಾಗ ಹಿಂದಕ್ಕೆ ನಡೆಯುವುದಿಲ್ಲ. ಹೊಸ ಹುಡುಗಿಯರು ಬಂದಾಗ ಅಭ್ಯಾಸದ ಕೋಣೆಯಲ್ಲಿ ಕಾಲಿಗೆ ಪ್ಲಾಸ್ಟರ್ ಸುತ್ತಿಸಿಕೊಂಡು ತಾವೇ ರೋಗಿಯಾಗಿ ಮಲಗುತ್ತಾರೆ. ಮೂಲೆಯಲ್ಲಿ ಮೇಷ್ಟ್ರು ಕೆಂಪು ಪೆನ್ನು ಹಿಡಿದು ಕುಳಿತಿರುತ್ತಾರೆ. ಒಬ್ಬೊಬ್ಬಳೂ ಬಂದು ಬೆರಳು ಬಾಗಿಸಿ "ನೋವಿದೆಯಾ?" ಎಂದು ಕೇಳುತ್ತಾಳೆ. "ಏನೂ ಇಲ್ಲಮ್ಮ, ಆರಾಮಾಗಿದ್ದೀನಿ," ಎಂದು ಮೇಡಂ ಮುಖ ತುಂಬ ನಗುತ್ತಾರೆ. ಮತ್ತೆ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದು, ಆ ಕೈಯನ್ನು ಯಾರು ನೋಡುತ್ತಾರೋ ಎಂದು ಕಾಯುತ್ತಾರೆ.