ಡೊಮಿನಿಕ್ ಮೇಸ್ತ್ರಿ ತೋಡಿಸಿದ ಗುಂಡಿ

ಮಂಡಿ ಮೊಹಲ್ಲಾದ ಡೊಮಿನಿಕ್ ಮೂವತ್ತೈದು ವರ್ಷದಿಂದ ಗಾರೆ ಮೇಸ್ತ್ರಿ. ಮನೆ ಕಟ್ಟುವುದರಲ್ಲಿ ಅವರ ಕೈ ತಪ್ಪಿದ್ದು ಒಮ್ಮೆ ಮಾತ್ರ. ಅದೂ ಕೈ ತಪ್ಪಿದ್ದಲ್ಲ, ಬಾಯಿ ತೆರೆದು ಕೇಳದಿದ್ದದ್ದು ಎಂದು ಅವರೇ ಹೇಳುತ್ತಾರೆ.

ಹನ್ನೆರಡು ವರ್ಷದ ಹಿಂದೆ ದಾಕ್ಷಾಯಣಮ್ಮ ಎಂಬ ನಿವೃತ್ತ ಶಿಕ್ಷಕಿಗೆ ಮನೆ ಕಟ್ಟಿಕೊಟ್ಟಿದ್ದರು. ಎರಡನೇ ಮಳೆಗಾಲಕ್ಕೆ ಅಡುಗೆಮನೆಯ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರಿಯಿತು. ಬಿರುಕಿನಲ್ಲಿ ಬೆರಳು ತೂರುತ್ತಿತ್ತು. ಆಕೆ ಬೈಯಲಿಲ್ಲ. "ಇದು ಕಲ್ಲು ತೆಗೆದು ಮುಚ್ಚಿದ ಗುಳಿ ಅಂತ ನಿಮಗೆ ಗೊತ್ತಿತ್ತಾ, ಮೇಸ್ತ್ರಿ?" ಎಂದಷ್ಟೇ ಕೇಳಿದರು.

ಗೊತ್ತಿರಲಿಲ್ಲ. ಯಾರನ್ನೂ ಕೇಳಿರಲೂ ಇಲ್ಲ. ಗುಳಿಗೆ ಸುರಿದ ಮಣ್ಣು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕುಸಿದಿತ್ತು. ಪಾಯವೂ ಅದರ ಜೊತೆಗೇ ಇಳಿದಿತ್ತು. ಆ ನೆಲ ಮಾರಿದವನು ಮಾತ್ರ ಆ ಹೊತ್ತಿಗೆ ಬೇರೆ ಬಡಾವಣೆಯಲ್ಲಿ ಸೈಟು ಮಾರುತ್ತಿದ್ದ. ಅಂದಿನಿಂದ ಡೊಮಿನಿಕ್ ಮಣ್ಣು ನೋಡದೆ ಪಾಯಕ್ಕೆ ದಾರ ಹಿಡಿಯುವುದಿಲ್ಲ.

ಕಳೆದ ಮೇ ತಿಂಗಳಲ್ಲಿ ಸೌಮ್ಯ ಎಂಬಾಕೆ ತಾನು ಕೊಳ್ಳಬೇಕೆಂದಿದ್ದ ಸೈಟು ನೋಡಲು ಡೊಮಿನಿಕ್‌ರನ್ನು ಕರೆದೊಯ್ದಳು. ಕಾಲೇಜಿನ ಗ್ರಂಥಪಾಲಕಿ, ಒಬ್ಬಳೇ ದುಡಿದು ಸಂಸಾರ ನಡೆಸುವವಳು. ಸೈಟು ಇಲವಾಲದ ಆಚೆ, ಹೊಸ ಬಡಾವಣೆಯ ತಗ್ಗಿನ ತುದಿಯಲ್ಲಿತ್ತು. ಬ್ರೋಕರ್ ಬೀರೇಶ್ ಕಾದು ನಿಂತಿದ್ದ.

"ಕೆಂಪು ನೆಲ ಕಣ್ರೀ, ಕಲ್ಲಿನಂಗಿದೆ. ಇಗೋ, ಮಣ್ಣು ಪರೀಕ್ಷೆ ರಿಪೋರ್ಟೂ ಇದೆ."

ಡೊಮಿನಿಕ್ ಕಾಗದ ಓದಿದರು. ಪರೀಕ್ಷೆಗೆ ಕೊರೆದದ್ದು ಒಂದೇ ಕಡೆ, ಬಡಾವಣೆಯ ಗೇಟಿನ ಹತ್ತಿರ, ಎತ್ತರದಲ್ಲಿ.

"ಇದು ಗೇಟಿನ ಮಣ್ಣಿನ ಕತೆ. ಇಲ್ಲಿಂದು ಎಲ್ಲಿ?"

"ಎಲ್ಲಾ ಒಂದೇ ನೆಲ ಬಿಡಿ ಮೇಸ್ತ್ರಿ."

ಪಕ್ಕದ ಹೊಲದಲ್ಲಿ ಬೋರಮ್ಮ ಎಂಬ ಮುದುಕಿ ಹುಲ್ಲು ಕೊಯ್ಯುತ್ತಿದ್ದಳು. ಡೊಮಿನಿಕ್ ಬೇಲಿಯ ಹತ್ತಿರ ಹೋಗಿ, "ಇಲ್ಲಿ ಮೊದ್ಲು ಏನಿತ್ತವ್ವ?" ಎಂದು ಕೇಳಿದರು.

"ಕಟ್ಟೆ ಇತ್ತು ಕಣಪ್ಪ. ಎಮ್ಮೆ ಮೈ ತೊಳೀತಿದ್ವಿ. ಮೂರು ವರ್ಷದಿಂದೆ ಲಾರಿಲಿ ಕೆಡವಿದ ಮನೆ ಕಸ ತಂದು ತುಂಬ್ಬುಟ್ರು. ಮೇಲೆ ಕೆಮ್ಮಣ್ಣು ಆಸ್ಬುಟ್ರು."

"ನಿಮ್ಮ ಬಾವಿಲಿ ನೀರು ಎಷ್ಟು ಕೆಳಗದೆ?"

"ಈಗ ಆಳಕ್ಕೋಗ್ಬುಟ್ಟದೆ. ಮಳೆ ಮುಗಿಯೋ ವತ್ಗೆ ಬಿಂದಿಗೆ ಬಗ್ಸುದ್ರೆ ಸಾಕು, ತುಂಬ್ತದೆ."

ಡೊಮಿನಿಕ್ ತಮ್ಮ ಇಬ್ಬರು ಆಳುಗಳಿಂದ ಅಲ್ಲೇ ಗುಂಡಿ ತೋಡಿಸಲು ಹೊರಟರು. ಬೀರೇಶ್ ಅಡ್ಡ ಬಂದ. "ರಿಜಿಸ್ಟರ್ ಆಗದೆ ನೆಲ ಅಗಿಯಂಗಿಲ್ಲ."

ಸೌಮ್ಯ, "ಅಗಿಯೋಕೆ ಬಿಡದ ನೆಲಾನ ನಾನು ಕೊಳ್ಳೋದೂ ಇಲ್ಲ" ಎಂದಳು. ಅವನು ಫೋನು ಹಿಡಿದು ಪಕ್ಕಕ್ಕೆ ಸರಿದ.

ನಾಲ್ಕಡಿ ಕೆಂಪು ಮಣ್ಣು. ಅದರ ಕೆಳಗೆ ಇಟ್ಟಿಗೆ ಚೂರು, ಟೈಲ್ಸು, ಪ್ಲಾಸ್ಟಿಕ್ಕು, ಮುರಿದ ಕಮೋಡು. ಆರಡಿಯ ಹೊತ್ತಿಗೆ ಕಪ್ಪು ಎರೆಮಣ್ಣು ಬಂತು. ಅದನ್ನು ಹಿಸುಕಿದರೆ ಬೆರಳಿಗೆ ಅಂಟಿತು. ಬಿರುಬೇಸಿಗೆಯಲ್ಲೂ ಅದು ಒದ್ದೆಯಾಗಿತ್ತು.

"ನೋಡಮ್ಮ, ಮೇಲಿನ ಕಸ ಕುಸೀತಾ ಹೋಗ್ತದೆ. ಕೆಳಗಿನ ಎರೆಮಣ್ಣು ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರೀತದೆ. ಇದರ ನಡುವೆ ಮಾಮೂಲಿ ಪಾಯ ನಿಲ್ಲಲ್ಲ. ಸಂಪು ತೋಡಿದ್ರೆ ಮಳೆಗಾಲದಲ್ಲಿ ಹೊರಗಿನ ನೀರು ಒಳಕ್ಕೆ ಒತ್ತುತ್ತೆ." ಬೀರೇಶನ ಕಡೆ ತಿರುಗಿದರು. "ಕಟ್ಟೆ ಮುಚ್ಚಿದ್ದು ಒಂದು ತಪ್ಪು. ಅದನ್ನ ಗಟ್ಟಿ ನೆಲ ಅಂತ ಮಾರೋದಕ್ಕೆ ಏನಂತಾರೆ?"

"ನಾನೇನು ಒಳಗೆ ಇಳಿದು ನೋಡಿದ್ನಾ?"

"ನೋಡಬಾರ್ದು ಅಂತಾನೇ ನೋಡಿಲ್ಲ ನೀವು."

ಸೌಮ್ಯ ಸೈಟು ಬಿಟ್ಟಳು. ಮುಂದಿನ ವಾರ ಇಬ್ಬರೂ ಗ್ರಾಮ ನಕ್ಷೆ ತೆಗೆಸಿ ನೋಡಿದರು. ಕಟ್ಟೆಯೂ ಅದಕ್ಕೆ ನೀರು ಬರುತ್ತಿದ್ದ ಹಳ್ಳವೂ ಅದರಲ್ಲಿ ನಿಚ್ಚಳವಾಗಿದ್ದವು. ಬಡಾವಣೆಯ ಬಣ್ಣದ ನಕ್ಷೆಯಲ್ಲಿ ಮಾತ್ರ ಅಲ್ಲಿ ಮಕ್ಕಳ ಪಾರ್ಕೂ ಏಳು ಸೈಟುಗಳೂ ಇದ್ದವು. ಸೌಮ್ಯ ತಹಶೀಲ್ದಾರರಿಗೆ ದೂರು ಬರೆದುಕೊಟ್ಟಳು. ಸ್ವೀಕೃತಿ ಸಿಕ್ಕಿತು, ಉತ್ತರ ಸಿಗಲಿಲ್ಲ. ಆ ಬಡಾವಣೆ ಮಾಡಿದವರು ತಮ್ಮ ಬೇರೆ ಬಡಾವಣೆಗಳಲ್ಲಿ ಡೊಮಿನಿಕ್‌ಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು.

ಸೆಪ್ಟೆಂಬರಿನಲ್ಲಿ ಅದೇ ಸೈಟಿನಲ್ಲಿ ಪಾಯ ಅಗೆಯುತ್ತಿದ್ದಾರೆಂದು ಬೋರಮ್ಮ ಹೇಳಿಕಳಿಸಿದಳು. ಕೊಂಡವನು ಮಹದೇವ, ಬಸ್ ಚಾಲಕ. ಡೊಮಿನಿಕ್ ಹೋಗಿ ತಡೆಯುವ ಹೊತ್ತಿಗೆ ಮೂರೂವರೆ ಅಡಿ ಅಗೆದು, ಕಾಂಕ್ರೀಟ್ ಸುರಿಯಲು ಎಲ್ಲ ಸಿದ್ಧವಾಗಿತ್ತು.

"ನಿಲ್ಸಿ ಅನ್ನೋಕೆ ನೀವ್ಯಾರ್ರೀ?" ಎಂದು ಮಹದೇವ ಸಿಟ್ಟಾದ.

"ಯಾರೂ ಅಲ್ಲ. ಹಾರೆ ಕೊಡಿ."

ಡೊಮಿನಿಕ್ ಪಾಯದ ತಳದಲ್ಲಿ ತಾವೇ ಅಗೆದರು. ಇಟ್ಟಿಗೆಯ ಜೊತೆ ಹರಿದ ಚೀಲವೊಂದು ಮೇಲೆ ಬಂತು. ಗುಂಡಿಯ ಬದಿಯಿಂದ ನೀರು ಜಿನುಗಿತು. ಮಹದೇವ ಹತ್ತಿರ ಬಂದು ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

ಕೆಲಸ ನಿಂತಿತು. ಎಂಜಿನಿಯರೊಬ್ಬರು ಆ ಸೈಟಿನಲ್ಲೇ ಕೊರೆಸಿ ಪರೀಕ್ಷಿಸಿ, ಹದಿಮೂರು ಅಡಿ ಕೆಳಗೆ ಗಟ್ಟಿ ನೆಲ ಇದೆಯೆಂದರು. ಅಲ್ಲಿಯವರೆಗೆ ಕಾಂಕ್ರೀಟ್ ಕಂಬ ಇಳಿಸಿ, ಮೇಲೆ ತೊಲೆ ಕಟ್ಟಿ ಮನೆ ಎಬ್ಬಿಸಬಹುದು. ಕಂಬಗಳಿಗೇ ದುಡ್ಡು ಹೋಗುವುದರಿಂದ ಮಹದೇವ ಮಹಡಿಯ ಆಸೆ ಬಿಟ್ಟು ಹಾಗೇ ಕಟ್ಟಿಸುತ್ತಿದ್ದಾನೆ, ಡೊಮಿನಿಕ್ ಕೈಯಲ್ಲೇ.

ಮನೆ ನಿಲ್ಲುತ್ತದೆ, ಅದರಲ್ಲಿ ಡೊಮಿನಿಕ್‌ಗೆ ಅನುಮಾನವಿಲ್ಲ. ಆದರೆ ಯಾರೋ ಮುಚ್ಚಿಟ್ಟದ್ದಕ್ಕೆ ಮಹದೇವನ ಮಹಡಿ ಹೋಯಿತಲ್ಲ ಎಂಬ ಸಿಟ್ಟು ಅವರಿಗೆ ಇನ್ನೂ ಇಳಿದಿಲ್ಲ. ಉಳಿದ ಆರು ಸೈಟುಗಳನ್ನು ನೋಡಲು ಜನ ಭಾನುವಾರ ಬರುತ್ತಾರೆ. ಡೊಮಿನಿಕ್ ಬೆಳಗಿನ ಪೂಜೆ ಮುಗಿಸಿ, ಚರ್ಚಿನಿಂದ ನೇರವಾಗಿ ಅಲ್ಲಿಗೆ ಹೋಗಿ, ಬಂದವರಿಗೆ ಕಟ್ಟೆಯ ಕತೆ ಹೇಳಲು ಬೋರಮ್ಮನ ಬೇಲಿಯ ಪಕ್ಕ ನಿಲ್ಲುತ್ತಾರೆ.