ನಮ್ಮ ಅಧ್ಯಯನ ಹೇಳದಿದ್ದ ಮಾತು

ಬೀದರಿನ ನಮ್ಮ ಪ್ರಯೋಗಾಲಯದಲ್ಲಿ ಕುರಿ-ಮೇಕೆಗಳ ರೋಗದ ಮೇಲೆ ಕೆಲಸ ನಡೆಯುತ್ತದೆ. ಭಾಲ್ಕಿಯವಳಾದ ನಾನು ಅಲ್ಲಿ ಸಂಶೋಧನಾ ಸಹಾಯಕಿ. ರಕ್ತದ ಮಾದರಿ ತರುವುದು, ಪರೀಕ್ಷೆ ಮಾಡುವುದು ನನ್ನ ಕೆಲಸ. ಇವುಗಳ ಜೊತೆಗೆ ಇನ್ನೊಂದು ಸಣ್ಣ ಜವಾಬ್ದಾರಿಯೂ ನನ್ನದು. ಪ್ರಯೋಗಾಲಯದ ಯಾವುದಾದರೂ ಲೇಖನ ಪ್ರಕಟವಾದರೆ, ಅದರಲ್ಲೇನಿದೆ ಎಂದು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಒಂದು ಫೋಟೋ ಸೇರಿಸಿ ನಮ್ಮ ಫೇಸ್‌ಬುಕ್ ಪುಟಕ್ಕೆ ಹಾಕಬೇಕು. ಲೇಖನಗಳು ಇಂಗ್ಲಿಷಿನಲ್ಲಿರುತ್ತವೆ. ರಕ್ತ ಕೊಟ್ಟವರಿಗೆ ಅದು ಓದಲು ಬರುವುದಿಲ್ಲ. "ಅವರ ರಕ್ತದಿಂದ ಬರೆದದ್ದು ಅವರಿಗೇ ತಿಳೀಲಿಲ್ಲ ಅಂದ್ರ ನಾವು ಕಳ್ಳರಾದಂಗ" ಎಂದು ನಮ್ಮ ಮೇಡಂ ಹೇಳುತ್ತಿದ್ದರು. ಪ್ರಯೋಗಾಲಯದ ಮುಖ್ಯಸ್ಥೆ ಅವರೇ.

ಆ ಸಲದ ಲೇಖನ ಕಂದುರೋಗದ್ದು, ಇಂಗ್ಲಿಷಿನಲ್ಲಿ ಬ್ರುಸೆಲ್ಲೋಸಿಸ್. ಈ ರೋಗ ತಗುಲಿದ ಕುರಿಗಳು ದಿನ ತುಂಬುವ ಮೊದಲೇ ಸತ್ತ ಮರಿ ಹಾಕುತ್ತವೆ. ಆ ಮರಿಯಲ್ಲಿ, ಮಾಸಿನಲ್ಲಿ ರೋಗಾಣು ತುಂಬಿರುತ್ತದೆ. ಬರಿಗೈಯಲ್ಲಿ ಮುಟ್ಟಿದವರಿಗೂ ಅದು ಬರಬಹುದು. ಬಂದರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲುನೋವು. ನಾವು ಔರಾದ ಮತ್ತು ಭಾಲ್ಕಿ ತಾಲೂಕಿನ ಊರುಗಳಲ್ಲಿ ಕುರಿಗಳ ರಕ್ತವನ್ನೂ, ಒಪ್ಪಿಗೆ ಕೊಟ್ಟ ಸಾಕಣೆದಾರರ ರಕ್ತವನ್ನೂ ಪರೀಕ್ಷಿಸಿದ್ದೆವು. ಸತ್ತ ಮರಿಯನ್ನು ಬರಿಗೈಯಲ್ಲಿ ಎಳೆದು ತೆಗೆದವರ ರಕ್ತದಲ್ಲಿ ರೋಗಾಣು ತಗುಲಿದ ಗುರುತು ಉಳಿದವರಿಗಿಂತ ಹೆಚ್ಚಾಗಿ ಕಂಡಿತ್ತು. ಲೇಖನದ ಸಾರ ಇಷ್ಟೇ.

ಇಷ್ಟನ್ನು ಬರೆಯಲು ನನಗೆ ಒಂದು ವಾರ ಹಿಡಿಯಿತು. 'ಪ್ರತಿಕಾಯ' ಎಂದು ಬರೆದರೆ ಯಾರಿಗೂ ಅರ್ಥವಾಗದು. 'ರೋಗ ಇದೆ' ಎಂದರೆ ಸುಳ್ಳಾಗುತ್ತದೆ, ಏಕೆಂದರೆ ಆ ಗುರುತು ಹಿಂದೆಂದೋ ತಗುಲಿ ಹೋದದ್ದರದ್ದೂ ಆಗಿರಬಹುದು. ಕೊನೆಗೆ 'ರೋಗಾಣು ಮೈಯೊಳಗೆ ಹೊಕ್ಕಿದ್ದರ ಗುರುತು' ಎಂದು ಬರೆದೆ. ಮೇಡಂ ಓದಿ, ಕೊನೆಗೆ ಒಂದು ಪ್ಯಾರಾ ಸೇರಿಸಲು ಹೇಳಿದರು: ಈ ಅಧ್ಯಯನ ಏನನ್ನು ಹೇಳುವುದಿಲ್ಲ ಎಂಬ ಪ್ಯಾರಾ.

ಫೋಟೋಗೆ ನಾನು ಆರಿಸಿದ್ದು ಔರಾದ ಕಡೆಯ ಒಂದು ಕುರಿದೊಡ್ಡಿ. ಕಲ್ಲಿನ ಗೋಡೆ, ಮುಳ್ಳಿನ ಬೇಲಿ, ಅದರಾಚೆ ಕುರಿಗಳು. ಮನುಷ್ಯರ ಮುಖ ಇರಲಿಲ್ಲ. ಆದರೂ ದೊಡ್ಡಿ ಯಾರದೋ ಅವರನ್ನು ಕೇಳದೆ ಹಾಕುವ ಹಾಗಿಲ್ಲ. ಬರೆದದ್ದನ್ನೂ ಅವರಿಗೆ ಓದಿ ಹೇಳಿಬರೋಣವೆಂದು ಮೇಡಂ, ನಾನು ಇಬ್ಬರೂ ಹೋದೆವು.

ಆ ಮನೆಯ ಯಜಮಾನಿ ಗಂಡ ತೀರಿಹೋದ ಮೇಲೂ ಕುರಿ ಬಿಟ್ಟವಳಲ್ಲ. ಮಗ ಟೆಂಪೋ ಓಡಿಸುತ್ತಾನೆ. ಸೊಸೆ ಕಮಲನಗರದವಳು, ಹನ್ನೆರಡನೆಯ ತರಗತಿ ಓದಿದವಳು. ಕನ್ನಡದ ನಡುನಡುವೆ ಮರಾಠಿ ನುಸುಳುತ್ತದೆ. ನಾವು ಮೊದಲ ಸಲ ರಕ್ತಕ್ಕೆಂದು ಹೋದಾಗ ಸೊಸೆಗೆ ಸುಮಾರು ದಿನದಿಂದ ಜ್ವರ ಬಿಟ್ಟಿರಲಿಲ್ಲ. ಅದಕ್ಕೂ ಕೆಲ ತಿಂಗಳ ಹಿಂದೆ ಅವಳಿಗೆ ಐದನೇ ತಿಂಗಳಲ್ಲಿ ಗರ್ಭ ಹೋಗಿತ್ತು. ಪರೀಕ್ಷೆಯಲ್ಲಿ ಗುರುತು ಸಿಕ್ಕಿದ ಮೇಲೆ ಅವಳನ್ನು ಬೀದರ ಆಸ್ಪತ್ರೆಗೆ ಕಳಿಸಿದ್ದೆವು. ಅಲ್ಲಿನ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಆರು ವಾರ ತಪ್ಪದೆ ಮಾತ್ರೆ ನುಂಗಿಸಿದ್ದರು. ಈಗ ಅವಳು ಗುಣವಾಗಿದ್ದಳು.

ನಾನು ಓದಿ ಮುಗಿಸಿದೆ. ಯಜಮಾನಿ ಫೋಟೋ ನೋಡಿ, "ನಮ್ಮ ಗೋಡಿ ಛಲೋ ಬಂದದ್ರಿ. ಹಾಕ್ರಿ, ಹಾಕ್ರಿ" ಎಂದು ನಕ್ಕಳು.

ಸೊಸೆ ಮಾತ್ರ ಬಾಗಿಲಲ್ಲಿ ನಿಂತೇ ಕೇಳಿದಳು: "ಮೇಡಂ, ನಂದು ಹೋಗಿದ್ದು ಇದರಿಂದೇ ಏನ್ರಿ?"

ಮೇಡಂ ಹೇಳಿದರು: "ಹೇಳ್ಲಿಕ್ಕ ಬರಂಗಿಲ್ಲವ್ವ. ಈ ರೋಗದಿಂದ ಹಂಗ ಆಗೋ ಸಾಧ್ಯತೆ ಅದಾ. ಬ್ಯಾರೆ ನೂರು ಕಾರಣಕ್ಕೂ ಆಗ್ತದ. ನಾವು ನಿನ್ನ ರಕ್ತ ತಗೊಂಡಿದ್ದು ಆಮ್ಯಾಲ. ಮೊದಲ ಹ್ಯಾಂಗಿತ್ತು ನಮಗ ಗೊತ್ತಿಲ್ಲ."

ಅವಳು ತಲೆಯಾಡಿಸಿ ಒಳಗೆ ಹೋದಳು. ಚಹಾ ತಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಕೊನೆಯ ಪ್ಯಾರಾಕ್ಕೆ ಒಂದು ವಾಕ್ಯ ಹೇಳಿ ಬರೆಸಿದರು: 'ಮಹಿಳೆಯರ ಗರ್ಭಪಾತವನ್ನು ನಾವು ಅಧ್ಯಯನ ಮಾಡಿಲ್ಲ, ಆ ಬಗ್ಗೆ ಈ ಲೇಖನ ಏನನ್ನೂ ಹೇಳುವುದಿಲ್ಲ.' ಅದಕ್ಕೂ ಮೇಲೆ, ಎಚ್ಚರಿಕೆಯ ಮಾತುಗಳಲ್ಲಿ ಇನ್ನೊಂದು ಸಾಲಿತ್ತು. ಕುರಿ ಕಂದು ಹಾಕಿದರೆ, ಅಂದರೆ ದಿನ ತುಂಬದ ಮರಿ ಹಾಕಿದರೆ, ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಹಾಕಿ, ಸತ್ತ ಮರಿಯನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ, ಬಸುರಿಯರು ಈ ಕೆಲಸದಿಂದ ದೂರವಿರಿ. ಅದು ಎಲ್ಲ ಕಡೆ ಹೇಳುವ ಮುನ್ನೆಚ್ಚರಿಕೆ. ಬಿಡುವ ಹಾಗಿರಲಿಲ್ಲ.

ಪೋಸ್ಟ್ ಹಾಕಿದೆವು. ಮೊದಲ ದಿನ ಯಾವತ್ತಿನಂತೆ ನಮ್ಮವರೇ ನಾಲ್ಕಾರು ಮಂದಿ ಮೆಚ್ಚಿದರು. ಮೂರನೆಯ ದಿನ ಭಾಲ್ಕಿಯಿಂದ ನನ್ನ ತಮ್ಮ ಫೋನ್ ಮಾಡಿದ. "ಅಕ್ಕಾ, ನಿಮ್ಮ ಲ್ಯಾಬಿಂದು ವಾಟ್ಸಾಪಿನಾಗ ಎಲ್ಲಾ ಕಡಿ ಹರದಾಡ್ಲಕತ್ತದ" ಎಂದ. ನನಗೆ ಒಂದು ಗಳಿಗೆ ಖುಷಿಯಾಯಿತು. ಅವನು ಕಳಿಸಿದ್ದನ್ನು ತೆರೆದು ನೋಡಿದೆ.

ಯಾರೋ ನಮ್ಮ ಪೋಸ್ಟಿನ ಸ್ಕ್ರೀನ್‌ಶಾಟ್ ತೆಗೆದಿದ್ದರು. ಆ ಕಲ್ಲುಗೋಡೆ, ಎಚ್ಚರಿಕೆಯ ಸಾಲು, ನಮ್ಮ ಪ್ರಯೋಗಾಲಯದ ಹೆಸರು ಹಾಗೇ ಇದ್ದವು. ಕೊನೆಯ ಪ್ಯಾರಾ ಮಾತ್ರ ಇರಲಿಲ್ಲ. ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಬರೆದಿತ್ತು: 'ಕುರಿ ಮುಟ್ಟಿದರೆ ಗರ್ಭಪಾತ! ಬೀದರ ವಿಜ್ಞಾನಿಗಳಿಂದ ಬಯಲು.'

ಮೇಡಂಗೆ ತೋರಿಸಿದೆ. ಅಂದೇ ಹೊಸ ಪೋಸ್ಟ್ ಹಾಕಿದೆವು. ಈ ಸಲ ಮೊದಲ ಸಾಲೇ 'ಇದು ಸುಳ್ಳು' ಎಂದಿತ್ತು. ನನಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಕಳಿಸಿದೆ. ಸುಳ್ಳು ಓಡಿದಷ್ಟು ದೂರ ಅದು ಓಡಲಿಲ್ಲ.

ಆ ವಾರವೇ ಔರಾದಿನಿಂದ ಸೊಸೆಯ ಫೋನ್ ಬಂತು. "ಅಕ್ಕಾ, ಒಂದ ಸಲ ಬರ್ರಿ. ಆ ವಾಟ್ಸಾಪಿಂದು ಯಾರೋ ಓದಿ ಹೇಳ್ಯಾರ, ನಮ್ಮ ಅತ್ತಿ ಊಟ ಬಿಟ್ಟಾರ್ರಿ."

ಹೋದೆವು. ಯಜಮಾನಿ ದೊಡ್ಡಿಯ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ಕುರಿಗಳು ಒಳಗೇ ಇದ್ದವು, ಮೇಯಲು ಬಿಟ್ಟಿರಲಿಲ್ಲ. ನಮ್ಮನ್ನು ನೋಡಿ ಏಳಲು ಹೋಗಿ, ಮತ್ತೆ ಕೂತಳು. ನಾನು ಹೊಸ ಪೋಸ್ಟನ್ನು ಫೋನಿನಲ್ಲಿ ತೆರೆದು ಓದತೊಡಗಿದೆ. ಅವಳು ಕೈ ಅಡ್ಡ ಹಿಡಿದಳು.

"ಓದಬ್ಯಾಡ್ರಿ. ನಾ ಹೇಳೋದು ಕೇಳ್ರಿ. ಆವತ್ತು ಕುರಿ ಸತ್ತ ಮರಿ ಹಾಕ್ಲಿಕ್ಕ ಒದ್ದಾಡ್ತಿತ್ತು. ನನ್ನ ಕೈ ಬಾತು ಬೆರಳು ಮಡಚ್ತಿರಲಿಲ್ಲ. 'ನಿನ್ನ ಕೈ ಸಣ್ಣದಾವ, ನೀ ತೆಗಿಯವ್ವಾ' ಅಂತ ಸೊಸಿನ್ನ ನಾನೇ ಕಳಿಸ್ದೆ ಒಳಗ. ಆಕಿಗೆ ಆಗ ನಾಕನೇ ತಿಂಗಳು. ಆಕಿ ಒಲ್ಲೆ ಅನ್ಲಿಲ್ಲ."

ಸೊಸೆ ಅವಳ ಹಿಂದೆಯೇ ನಿಂತಿದ್ದಳು. "ಅತ್ತಿ, ಬಿಡ್ರಿ" ಎಂದಳು. ಅಷ್ಟೇ.

ಯಜಮಾನಿ ಮೇಡಂ ಕಡೆ ತಿರುಗಿದಳು. "ನೀವು ಓದಿದವ್ರು. ಇಲ್ಲ ಅಂತ ಬರೀರಿ. ಇದರಿಂದ ಕೂಸು ಹೋಗಿಲ್ಲ ಅಂತ ಬರೀರಿ. ಅದು ಬರದ್ರ ನಾ ಓದಿಸ್ಕೋತೇನಿ."

ನಾನು ಮೇಡಂ ಮುಖ ನೋಡಿದೆ. ಒಂದು ಮಾತು. ಹೂಂ ಎಂದುಬಿಟ್ಟರೆ ಆ ಮುದುಕಿ ಆ ದಿನ ಉಣ್ಣುತ್ತಿದ್ದಳು. ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಮೇಡಂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. ಆ ಬೆರಳುಗಳ ಗಂಟುಗಳು ಊದಿದ್ದವು.

"ಹೌದು ಅಂತನೂ ಬರೀಲಿಕ್ಕ ಆಗಂಗಿಲ್ಲವ್ವ, ಇಲ್ಲ ಅಂತನೂ ಆಗಂಗಿಲ್ಲ" ಎಂದರು. "ಆದ್ರ ಇದೊಂದು ಖರೇ. ಆವತ್ತು ನಿನಗ ಯಾರೂ ಹೇಳಿರಲಿಲ್ಲ. ಕೈಲಿಂದ ಮರಿ ತೆಗೀಬಾರದು ಅಂತ ನಿಮ್ಮ ಊರಿಗೆ ಯಾರೂ ಬಂದು ಹೇಳಿರಲಿಲ್ಲ. ಗೊತ್ತಿದ್ದು ನೀ ಕಳಸಿಲ್ಲ."

"ಗೊತ್ತಿರಲಿಲ್ಲ ಅಂದ್ರ ಆಗಿದ್ದು ಆಗಲಾರದ್ದಾಗ್ತದೇನ್ರಿ?"

ಮೇಡಂ ಕಣ್ಣು ತುಂಬಿದ್ದನ್ನು ನಾನು ಮೊದಲ ಸಲ ಕಂಡೆ. ಸೊಸೆ ಒಳಗಿನಿಂದ ರೊಟ್ಟಿ, ಪುಂಡಿಪಲ್ಯ ತಂದು ಅತ್ತೆಯ ಮುಂದಿಟ್ಟಳು. ತಾನೇ ಒಂದು ತುತ್ತು ಮುರಿದು ಬಾಯಿಯ ಹತ್ತಿರ ಹಿಡಿದಳು. ಯಜಮಾನಿ ಅದೊಂದು ತುತ್ತು ತಿಂದಳು. ಎರಡನೆಯದಕ್ಕೆ ಮುಖ ತಿರುಗಿಸಿದಳು.

ಯಜಮಾನಿಯ ಬೆರಳು ನೋಡಿದ್ದರಿಂದ ಮೇಡಂ ಅವಳನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗುವಂತೆ ಮಗನಿಗೆ ಹೇಳಿದರು. ಮೊದಲು ನಾವು ರಕ್ತ ಕೇಳಿದಾಗ ಅವಳು ಒಪ್ಪಿರಲಿಲ್ಲ. ಈಗ ಸುಮ್ಮನೆ ಹೋದಳು. ಅವಳಿಗೂ ಅದೇ ರೋಗವಿತ್ತು. ಎಷ್ಟು ದಿನಗಳಿಂದ ಇತ್ತೋ. ಅವಳು ಅದನ್ನು ವಯಸ್ಸಿನ ನೋವು ಎಂದುಕೊಂಡಿದ್ದಳು. ಮಾತ್ರೆ ಶುರುವಾಯಿತು.

ಆದರೆ ಕುರಿಗಳು ಉಳಿಯಲಿಲ್ಲ; ಇನ್ನು ಸಾಕುವುದಿಲ್ಲವೆಂದು ಯಜಮಾನಿ ಹಟ ಹಿಡಿದಳು. ರೋಗ ತಗುಲಿದ್ದನ್ನು ಬೇರೆಯವರ ಹಿಂಡಿಗೆ ಸೇರಿಸಬಾರದೆಂದು ಹೇಳಿ, ನಾವು ಹಿಂಡನ್ನೆಲ್ಲ ಮತ್ತೆ ಪರೀಕ್ಷೆ ಮಾಡಿಕೊಟ್ಟೆವು. ಗುರುತು ಇದ್ದವನ್ನು ಪಶುವೈದ್ಯರ ವಶಕ್ಕೆ ಕೊಟ್ಟರು. ಗುರುತು ಇರದ ಕುರಿಗಳನ್ನು ಖಟಕ ಚಿಂಚೋಳಿಯಲ್ಲಿರುವ ಅವಳ ತಮ್ಮ ಬಂದು ಹೊಡೆದುಕೊಂಡು ಹೋದ. ಹೋಗುವಾಗ ಅವಳು ಹೊರಗೆ ಬರಲಿಲ್ಲವೆಂದು ಸೊಸೆ ಆಮೇಲೆ ಹೇಳಿದಳು.

ಆ ಸೊಸೆ ಇನ್ನೊಂದು ಕೆಲಸ ಮಾಡಿದಳು. ನಮ್ಮ ಎರಡನೆಯ ಪೋಸ್ಟನ್ನು ತನ್ನ ದನಿಯಲ್ಲಿ, ತನ್ನ ಮಾತಿನಲ್ಲಿ ಓದಿ, ಊರಿನ ಹೆಂಗಸರ ಗುಂಪಿಗೆ ಹಾಕಿದಳು. ಅದನ್ನು ಅವಳು ನನಗೂ ಕಳಿಸಿದ್ದಳು. 'ಈ ಅಧ್ಯಯನ ಹೇಳುವುದಿಲ್ಲ' ಎನ್ನುವಲ್ಲಿ ಅವಳು, "ಯಾರಿಂದ ಏನಾಯ್ತು ಅಂತ ಇದರಾಗ ಇಲ್ಲ, ಯಾರ ಮ್ಯಾಲೂ ಹಾಕಬ್ಯಾಡ್ರಿ" ಎಂದಿದ್ದಳು. ಆ ಮಾತು ನಾನು ಬರೆದದ್ದಲ್ಲ. ಬರೆಯಬಹುದಿತ್ತು ಎಂದು ಆಗ ಅನ್ನಿಸಿತು.

"ಅತ್ತೆ ಕೇಳಿದರೇನು?" ಎಂದು ಫೋನಿನಲ್ಲಿ ವಿಚಾರಿಸಿದೆ.

"ಕೇಳಿದ್ರು. ಎರಡ ಸಲ ಹಚ್ಚು ಅಂದ್ರು."

ಈ ಸಲದ ಬೇಸಿಗೆಯಲ್ಲಿ ಕೆಲಸದ ಮೇಲೆ ಹೋದವಳಿಗೆ ಔರಾದ ಬಸ್ ನಿಲ್ದಾಣದಲ್ಲಿ ಆ ಯಜಮಾನಿ ಸಿಕ್ಕಳು. ಬೆರಳ ಊತ ಇಳಿದಿತ್ತು. ಯಾರದೋ ಹೊಲದ ಕೆಲಸಕ್ಕೆ ಹೋಗುತ್ತೇನೆಂದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಡಂ ಆರೋಗ್ಯ ಕೇಳಿದಳು, ನಮ್ಮ ಮನೆಯವರದ್ದು ಕೇಳಿದಳು. ಸೊಸೆ ಹೇಗಿದ್ದಾಳೆಂದು ನಾನು ಕೇಳಿದೆ.

"ಛಲೋ ಇದ್ದಾಳ್ರಿ. ನನ್ನ ಮಾತ್ರಿ ಮುಗಿಯೋ ತನಾ ಹೊತ್ತಿಗೆ ಸರಿಯಾಗಿ ತಂದ ಕೊಡ್ತಿದ್ಳು" ಎಂದಳು. ಬಸ್ಸು ಬರುವ ದಾರಿಯತ್ತ ನೋಡುತ್ತ ಅಂದಳು: "ಒಂದ ಮಾತೂ ಅಂದಿಲ್ರಿ ಆಕಿ ನನಗ, ಇವತ್ತಿನ ತನಾ. ಒಂದ ಸಲ ಬೈದಿದ್ರ ಛಲೋ ಇತ್ತು."